ತೂಕ ನಿಂತಿತ್ತು, ಟೇಪು ಇಳಿಯುತ್ತಿತ್ತು

ಬೊಜ್ಜು ಇಳಿಸಲು ಹೊರಟಿದ್ದ ನಾಲ್ಕು ತಿಂಗಳಲ್ಲಿ ಐದಾರು ವಾರ ನನ್ನ ತೂಕ 81 ಕೆ.ಜಿ. ಆಸುಪಾಸಿನಲ್ಲೇ ನಿಂತಾಗ, ಜೊತೆಯಲ್ಲಿ ವ್ಯಾಯಾಮ ಮಾಡುವವರೆಲ್ಲ ಒಂದೇ ಮಾತು ಹೇಳಿದರು: ‘ಊಟ ಇನ್ನೂ ಕಡಿಮೆ ಮಾಡು.’ ನಾನು ಮಾಡಲಿಲ್ಲ. ಏಕೆಂದರೆ ಅದೇ ವಾರಗಳಲ್ಲಿ ಸೊಂಟದ ಸುತ್ತಳತೆ 94.5 ಸೆಂ.ಮೀ.ಯಿಂದ 92.5ರ ಹತ್ತಿರಕ್ಕೆ ಬಂದಿತ್ತು, ಎತ್ತುವ ಭಾರವೂ ಏರುತ್ತಿತ್ತು. ‘ಟೇಪು ನಂಬಬೇಡ, ಎಳೆದಂತೆ ಬರುತ್ತದೆ’ ಎಂದು ಒಬ್ಬರು ಖಂಡಿತವಾಗಿ ಹೇಳಿಬಿಟ್ಟರು. ಆ ನಾಲ್ಕು ತಿಂಗಳ ಕೊನೆಯಲ್ಲಿ ಫಲಿತಾಂಶ ಕೈಗೆ ಬಂದ ಮೇಲೆ ಅವರೇ ನನ್ನಿಂದ ಅಳತೆಯ ಕ್ರಮ ಕೇಳಿ ಬರೆದುಕೊಂಡು ಹೋದರು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಗೆಳೆಯನ ಲೆಕ್ಕ ನೋಡಿ. ನಾನು ಶುರು ಮಾಡಿದ ಹೊತ್ತಿಗೇ ಅವನೂ ಶುರು ಮಾಡಿದ, ಅನ್ನ, ರೊಟ್ಟಿ, ಸಕ್ಕರೆ ಎಲ್ಲವನ್ನೂ ಒಟ್ಟಿಗೇ ಬಿಟ್ಟ. ಮೊದಲ ವಾರವೇ ಮೂರು ಕೆ.ಜಿ. ಇಳಿಯಿತು ಎಂದು ಎಲ್ಲರಿಗೂ ತೋರಿಸಿದ. ಒಂದು ಕೆ.ಜಿ. ಬೊಜ್ಜಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಮೂರು ಕೆ.ಜಿ. ಎಂದರೆ 23,000 ದಾಟಿತು. ಏಳು ದಿನಕ್ಕೆ ಹಂಚಿದರೆ ದಿನಕ್ಕೆ 3,300 ಕ್ಯಾಲೊರಿಯ ಕೊರತೆ ಬೀಳಬೇಕು. ಅವನ ದೇಹ ಇಡೀ ದಿನದಲ್ಲಿ ಖರ್ಚು ಮಾಡುವುದೇ ಎರಡೂವರೆ ಸಾವಿರದ ಒಳಗೆ. ಏಳೂ ದಿನ ಬರೀ ನೀರು ಕುಡಿದು ಮಲಗಿದ್ದರೂ ಅಷ್ಟು ಬೊಜ್ಜು ಕರಗುವುದು ಸಾಧ್ಯವಿರಲಿಲ್ಲ.

ಹಾಗಾದರೆ ಹೋದದ್ದೇನು? ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಂಡ ಕಾರ್ಬೋಹೈಡ್ರೇಟ್, ಅರ್ಧ ಕೆ.ಜಿ.ಯಷ್ಟು ಇರುತ್ತದೆ, ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಮ್ ನೀರು ಸೇರಿಕೊಂಡಿರುತ್ತದೆ. ಕಾರ್ಬೋಹೈಡ್ರೇಟ್ ಬಿಟ್ಟ ಮೊದಲ ಕೆಲವು ದಿನಗಳಲ್ಲಿ ಅದರಲ್ಲಿ ಹೆಚ್ಚಿನ ಪಾಲು ಬರಿದಾಗುತ್ತದೆ. ಜೊತೆಗೆ ಉಪ್ಪು ಕಡಿಮೆಯಾಗಿ ಇನ್ನಷ್ಟು ನೀರು ಹೊರಬೀಳುತ್ತದೆ, ಹೊಟ್ಟೆಯೊಳಗಿನ ಆಹಾರದ ಭಾರವೂ ತಗ್ಗುತ್ತದೆ. ಅಲ್ಲಿಗೆ ಎರಡು ಕೆ.ಜಿ. ದಾಟಿತು. ಬೊಜ್ಜಿನ ಪಾಲು ಉಳಿದ ಚೂರು ಮಾತ್ರ.

ಅವನು ಹಾಗೇ ಹಸಿದುಕೊಂಡು ಒಂದೂವರೆ ತಿಂಗಳಲ್ಲಿ ಏಳು ಕೆ.ಜಿ. ಇಳಿಸಿದ. ಭಾರ ಎತ್ತುವುದನ್ನು ನಿಲ್ಲಿಸಿ ಓಟವೊಂದನ್ನೇ ಹಿಡಿದಿದ್ದ, ಪ್ರೋಟೀನ್ ಕಡೆ ಗಮನವೇ ಇರಲಿಲ್ಲ. ಕೆನ್ನೆ ಇಳಿಯಿತು, ತೋಳು ಸಣ್ಣದಾಯಿತು, ಸೊಂಟ ಮಾತ್ರ ಎರಡೂವರೆ ಸೆಂ.ಮೀ. ಕೂಡ ಸರಿಯಾಗಿ ಇಳಿದಿರಲಿಲ್ಲ. ಮತ್ತೆ ಸ್ಕ್ವಾಟ್‌ಗೆ ನಿಂತಾಗ 80 ಕೆ.ಜಿ. ಎತ್ತುತ್ತಿದ್ದವನಿಗೆ 60 ಕಷ್ಟವಾಯಿತು. ಮಾಮೂಲಿ ಊಟಕ್ಕೆ ಮರಳಿದ ಮೂರ್ನಾಲ್ಕು ದಿನದಲ್ಲೇ ಎರಡು ಕೆ.ಜಿ. ವಾಪಸು ಬಂತು. ಅದು ಬೊಜ್ಜಲ್ಲ, ಹೋದ ನೀರು ಮರಳಿ ಬಂದದ್ದು. ಅಷ್ಟಕ್ಕೇ ಅವನು ಎದೆಗುಂದಿ ಎಲ್ಲವನ್ನೂ ಬಿಟ್ಟ. ತೂಕವೊಂದನ್ನೇ ನೋಡುವವರಿಗೆ ಆಗುವ ದೊಡ್ಡ ನಷ್ಟ ಇದೇ ಎಂದು ನನಗೆ ಈಗಲೂ ಅನಿಸುತ್ತದೆ: ಇಳಿದಾಗಲೂ ಅರ್ಥವಾಗುವುದಿಲ್ಲ, ಏರಿದಾಗಲೂ ಅರ್ಥವಾಗುವುದಿಲ್ಲ.

ಈಗ ಟೇಪಿನ ವಿಷಯ. ಹೊಕ್ಕುಳಿನ ಮಟ್ಟದಲ್ಲಿ ಅಳೆಯುವವರು ಹೆಚ್ಚು. ನಾನು ಅದನ್ನು ಬಿಟ್ಟೆ, ಬೊಜ್ಜು ಇಳಿದಂತೆ ಹೊಕ್ಕುಳಿನ ಜಾಗವೇ ಸ್ವಲ್ಪ ಬದಲಾಗುತ್ತದೆ. ಮೂಳೆ ಬದಲಾಗುವುದಿಲ್ಲ. ಪಕ್ಕೆಯಲ್ಲಿ ಬೆರಳಿಗೆ ಸಿಗುವ ಕೊನೆಯ ಪಕ್ಕೆಲುಬು, ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯಕ್ಕೆ ಪೆನ್ನಿನಿಂದ ಗುರುತು ಹಾಕುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಜಾಗವೂ ಇದೇ. ಟೇಪು ಹಿಂದೆ ಜಾರದಂತೆ ಕನ್ನಡಿಯಲ್ಲಿ ನೋಡಿ ನೆಲಕ್ಕೆ ಸಮನಾಗಿ ಸುತ್ತುತ್ತೇನೆ. ಹೊಟ್ಟೆಯನ್ನು ಒಳಗೆಳೆಯದೆ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದುತ್ತೇನೆ. ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. ಮೂರು ಸಲ ಸುತ್ತಿ ನಡುವಿನ ಸಂಖ್ಯೆ ಬರೆದುಕೊಳ್ಳುತ್ತೇನೆ. ಇಷ್ಟಾದರೂ ಅರ್ಧದಿಂದ ಒಂದು ಸೆಂ.ಮೀ. ಆಚೀಚೆ ಆಗುವುದು ತಪ್ಪುವುದಿಲ್ಲ, ಆದ್ದರಿಂದ ಒಂದು ವಾರದ ಅಳತೆಯಿಂದ ನಾನು ಯಾವ ತೀರ್ಮಾನವನ್ನೂ ಮಾಡುವುದಿಲ್ಲ.

ತೂಕವನ್ನು ದಿನವೂ ಬೆಳಿಗ್ಗೆ ಶೌಚದ ನಂತರ, ಏನೂ ಕುಡಿಯುವ ಮೊದಲು ನೋಡುತ್ತೇನೆ, ಆದರೆ ವಾರದ ಸರಾಸರಿ ಮಾತ್ರ ಲೆಕ್ಕಕ್ಕೆ. ಸೊಂಟ ವಾರಕ್ಕೆ ಎರಡು ಬೆಳಿಗ್ಗೆ ಸಾಕು.

ಹಣದ ಮಾತು ಬಂದರೆ, ಈ ದಾರಿಯಲ್ಲಿ ನಾನು ಅತಿ ಕಡಿಮೆ ಖರ್ಚು ಮಾಡಿದ್ದು ಟೇಪಿಗೆ, ಅತಿ ಹೆಚ್ಚು ಉಪಯೋಗ ಸಿಕ್ಕಿದ್ದೂ ಅದರಿಂದಲೇ. ಬೊಜ್ಜಿನ ಶೇಕಡಾವಾರು ತೋರಿಸುವ ಯಂತ್ರಕ್ಕೆ ಟೇಪಿನ ಹತ್ತಾರು ಪಟ್ಟು ಕೊಟ್ಟೆ. ಅದು ಪಾದದ ಮೂಲಕ ಸಣ್ಣ ವಿದ್ಯುತ್ ಹರಿಸಿ ದೇಹದ ನೀರನ್ನು ಅಂದಾಜು ಮಾಡುತ್ತದೆ, ನೀರಿನಿಂದ ಬೊಜ್ಜನ್ನು ಊಹಿಸುತ್ತದೆ. ಪರೀಕ್ಷಿಸೋಣವೆಂದು ಒಂದು ಲೀಟರ್ ನೀರು ಕುಡಿದು ಮತ್ತೆ ನಿಂತೆ. ತೂಕ ಒಂದು ಕೆ.ಜಿ. ಏರಿತು, ಅದು ಸರಿ. ಬೊಜ್ಜೂ ಏರಿದಂತೆ ತೋರಿಸಿತು! ಹೊಟ್ಟೆಯಲ್ಲಿರುವ ನೀರು ಆ ವಿದ್ಯುತ್ತಿನ ದಾರಿಗೆ ಇನ್ನೂ ಸೇರಿರಲಿಲ್ಲ, ಹೆಚ್ಚಿದ ಭಾರವನ್ನು ಯಂತ್ರ ಬೊಜ್ಜಿನ ಲೆಕ್ಕಕ್ಕೆ ಹಾಕಿತ್ತು. ಇನ್ನೊಂದು ಸಲ ರಾತ್ರಿ ಬೇಕೆಂದೇ ಉಪ್ಪು ಹೆಚ್ಚು ತಿಂದು ನೋಡಿದೆ. ಮರುದಿನ ತೂಕ ಒಂದು ಕೆ.ಜಿ.ಗಿಂತ ಹೆಚ್ಚಿತ್ತು, ಟೇಪು ಅರ್ಧ ಸೆಂ.ಮೀ. ಮಾತ್ರ ಅಲುಗಾಡಿತು. ತೊಡೆ, ಕುತ್ತಿಗೆಯನ್ನೂ ಕೆಲವು ವಾರ ಅಳೆದೆ. ತೊಡೆಯ ಅಳತೆ ಸ್ನಾಯು ಬೆಳೆದರೂ ಏರುತ್ತದೆ, ಬೊಜ್ಜು ಹೋದರೆ ಇಳಿಯುತ್ತದೆ, ಎರಡೂ ಒಟ್ಟಿಗೆ ಆದಾಗ ಏನೂ ಹೇಳುವುದಿಲ್ಲ.

ದುಬಾರಿಯಾದರೂ, ಎಕ್ಸ್-ರೇಯಿಂದ ಬೊಜ್ಜನ್ನೂ ಉಳಿದ ಭಾಗವನ್ನೂ ಬೇರೆ ಬೇರೆಯಾಗಿ ಅಳೆಯುವ ಡೆಕ್ಸಾ ಸ್ಕ್ಯಾನ್ ಎರಡು ಸಲ ಮಾಡಿಸಿದೆ, ಮೊದಲಲ್ಲೊಮ್ಮೆ, ಕೊನೆಯಲ್ಲೊಮ್ಮೆ. ನಾಲ್ಕು ತಿಂಗಳಲ್ಲಿ ತೂಕ 82ರಿಂದ 79.5ಕ್ಕೆ ಬಂದಿತ್ತು, ಬರೀ ಎರಡೂವರೆ ಕೆ.ಜಿ. ಸೊಂಟ 97ರಿಂದ 91. ವರದಿಯಲ್ಲಿ ಬೊಜ್ಜು ಸುಮಾರು ನಾಲ್ಕು ಕೆ.ಜಿ. ಕಡಿಮೆ, ಬೊಜ್ಜಿಲ್ಲದ ಭಾಗ ಒಂದೂವರೆ ಕೆ.ಜಿ. ಹೆಚ್ಚು. ಆ ಒಂದೂವರೆಯಲ್ಲಿ ನೀರೂ ಸೇರಿದೆ, ಎಲ್ಲವೂ ಸ್ನಾಯು ಎಂದು ನಾನು ಹೇಳುವುದಿಲ್ಲ. ಆದರೆ ತೂಕ ನಿಂತಿದ್ದ ವಾರಗಳಲ್ಲಿ ಟೇಪು ಹೇಳಿದ್ದೇ ನಿಜವಾಗಿತ್ತು. ವಾರಕ್ಕೆ ಮೂರು ದಿನ ಭಾರ ಎತ್ತಿದ್ದೆ, ದಿನಕ್ಕೆ 130 ಗ್ರಾಮ್ ಆಸುಪಾಸು ಪ್ರೋಟೀನ್ ತಿಂದಿದ್ದೆ, ಕೊರತೆ ದಿನಕ್ಕೆ 300 ಕ್ಯಾಲೊರಿಯ ಹತ್ತಿರವೇ ಇಟ್ಟಿದ್ದೆ. ಬಹಳ ಕಾಲ ಬಿಟ್ಟು ಮತ್ತೆ ಭಾರ ಎತ್ತತೊಡಗಿದವನಾದ್ದರಿಂದ ನನಗೆ ಬೊಜ್ಜು ಇಳಿಯುವುದು, ಸ್ನಾಯು ಬೆಳೆಯುವುದು ಎರಡೂ ಒಟ್ಟಿಗೆ ಸಿಕ್ಕಿತು. ವರ್ಷಗಳಿಂದ ಬಿಡದೆ ಎತ್ತುತ್ತಿರುವವರಿಗೆ ಇಷ್ಟು ಸುಲಭವಾಗಿ ಸಿಗುವುದಿಲ್ಲ.

ಟೇಪಿಗೂ ಮಿತಿ ಇದೆ. ನನ್ನ ಅಕ್ಕನಿಗೆ ಇದೇ ಕ್ರಮ ಹೇಳಿಕೊಟ್ಟೆ. ಅವಳಿಗೆ ಬೊಜ್ಜು ಮೊದಲು ಇಳಿದದ್ದು ತೊಡೆ ಮತ್ತು ನಿತಂಬದಲ್ಲಿ, ಸೊಂಟ ಒಂದು ತಿಂಗಳು ಮಿಸುಕಲಿಲ್ಲ. ಮುಟ್ಟಿನ ಮುಂಚಿನ ದಿನಗಳಲ್ಲಿ ಹೊಟ್ಟೆ ಉಬ್ಬರಿಸಿ ಸೊಂಟವೂ ಏರುತ್ತಿತ್ತು, ತೂಕವೂ ಏರುತ್ತಿತ್ತು. ಅವಳಿಗೆ ನಿತಂಬದ ಸುತ್ತಳತೆಯನ್ನೂ ಸೇರಿಸಿ, ಈ ತಿಂಗಳ ಒಂದು ದಿನವನ್ನು ಹೋದ ತಿಂಗಳ ಅದೇ ಹಂತದ ದಿನದೊಂದಿಗೆ ಮಾತ್ರ ಹೋಲಿಸುವಂತೆ ಮಾಡಿದ ಮೇಲೆ ಇಳಿತ ಕಾಣತೊಡಗಿತು.

ನಾನು ಈಗ ನಡೆಸುವ ಕ್ರಮ ಇದು: ಸೊಂಟ ಇಳಿಯುತ್ತಿದ್ದು ತೂಕ ನಿಂತಿದ್ದರೆ ಊಟ ಮುಟ್ಟುವುದಿಲ್ಲ. ತೂಕ ಇಳಿಯುತ್ತಿದ್ದು ಸೊಂಟ ನಿಂತಿದ್ದರೆ, ಎತ್ತುವ ಭಾರವೂ ಬೀಳುತ್ತಿದೆಯೇ ಎಂದು ನೋಡುತ್ತೇನೆ. ಬೀಳುತ್ತಿದ್ದರೆ ಊಟ ಹೆಚ್ಚಿಸುತ್ತೇನೆ, ಮೊದಲು ಪ್ರೋಟೀನ್. ಎರಡೂ ಮೂರ್ನಾಲ್ಕು ವಾರ ಅಲುಗದಿದ್ದರೆ ಮಾತ್ರ ದಿನಕ್ಕೆ 150ರಿಂದ 200 ಕ್ಯಾಲೊರಿ ಕಡಿಮೆ ಮಾಡುತ್ತೇನೆ. ನನ್ನ ಎತ್ತರ 174 ಸೆಂ.ಮೀ., ಸೊಂಟ ಅದರ ಅರ್ಧಕ್ಕಿಂತ ಕೆಳಗೆ, ಅಂದರೆ 87ರೊಳಗೆ ಬರುವವರೆಗೂ ಇದನ್ನೇ ಮುಂದುವರಿಸುತ್ತೇನೆ. ತೂಕಕ್ಕೆ ನಾನು ಗುರಿಯನ್ನೇ ಇಟ್ಟುಕೊಂಡಿಲ್ಲ.