ಕೆಮ್ಮಿದಾಗ ಬರುವ ಗಂಟು: ಒಂದು ಸ್ಕ್ಯಾನ್

ಅವರು ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಚೀಲ ಹೊರುವವರು. ವಯಸ್ಸು 50 ದಾಟಿತ್ತು. ಬಲ ತೊಡೆಸಂದಿಯಲ್ಲಿ ಗಂಟು ಎಂದು ಮಗನ ಜೊತೆ ಅಲ್ಟ್ರಾಸೌಂಡ್ ಸ್ಕ್ಯಾನ್‌ಗೆ ಬಂದಿದ್ದರು. ಬೇರೆ ಕಡೆ ಒಮ್ಮೆ ಸ್ಕ್ಯಾನ್ ಆಗಿತ್ತು. ಅದರಲ್ಲಿ 'ಲಿಂಫ್ ಗಂಟು' ಎಂದಷ್ಟೇ ಬರೆದಿತ್ತು, ಸೋಂಕಾದರೆ ಊದಿಕೊಳ್ಳುವ ಗಂಟು ಅದು. ಪಕ್ಕದ ಮನೆಯವರು ಬೀಜದ ಚೀಲದಲ್ಲಿ ನೀರು ತುಂಬಿರಬೇಕು ಎಂದು ಹೆದರಿಸಿದ್ದರಂತೆ.

ಮಲಗಿಸಿ ನೋಡಿದೆ. ಲಿಂಫ್ ಗಂಟು ನಿಜವಾಗಿಯೂ ಇತ್ತು. ಹುರುಳಿಕಾಳಿನ ಆಕಾರ, ಉದ್ದ 18 ಮಿ.ಮೀ., ಅಗಲ 8 ಮಿ.ಮೀ. ಅಂಚು ಕಪ್ಪಗೆ, ನಡುವೆ ಕೊಬ್ಬಿನ ಬಿಳಿ ಪಟ್ಟಿ. ಡಾಪ್ಲರ್ ಹಾಕಿದರೆ ಆ ಬಿಳಿ ಪಟ್ಟಿಯಿಂದಲೇ ರಕ್ತ ಒಳಗೆ ಹರಿಯುತ್ತಿತ್ತು. ಇದು ಸೌಮ್ಯವಾದ ಗಂಟಿನ ಲಕ್ಷಣ. ಬಲಗಾಲಿನ ಬೆರಳ ಸಂದಿಯಲ್ಲಿ ಹುಣ್ಣು ಕಂಡಿತು. ಕಾಲಿನ ಸೋಂಕು ಮೊದಲು ಮುಟ್ಟುವುದೇ ತೊಡೆಸಂದಿಯ ಗಂಟುಗಳನ್ನು. ಇಷ್ಟಕ್ಕೇ ರಿಪೋರ್ಟ್ ಬರೆದುಬಿಡಬಹುದಿತ್ತು.

ಆದರೆ ಅವರ ಮಾತು ಹೊಂದುತ್ತಿರಲಿಲ್ಲ. "ಚೀಲ ಎತ್ತಿದ್ರೆ, ಕೆಮ್ಮಿದ್ರೆ ಹೊರಗೆ ಬರ್ತೈತ್ರಿ ಸಾರ್. ಮಲಗಿದ್ರೆ ಒಳಗೆ ಹೋಗ್ತೈತ್ರಿ," ಎಂದರು. ಲಿಂಫ್ ಗಂಟು ಹಾಗೆ ಬಂದು ಹೋಗುವುದಿಲ್ಲ. ಕೆಮ್ಮಿದರೂ ಮಲಗಿದರೂ ಅದರ ಗಾತ್ರ ಅಷ್ಟೇ ಇರುತ್ತದೆ. ಕಂಡ ಗಂಟು ಬೇರೆ, ಅವರು ಹೇಳುತ್ತಿರುವ ಗಂಟು ಬೇರೆ ಅನ್ನಿಸಿತು.

ಎಬ್ಬಿಸಿ ನಿಲ್ಲಿಸಿದೆ. ಹೊಟ್ಟೆಯೊಳಗಿನ ಕೊಬ್ಬು ಅಥವಾ ಕರುಳು ಗೋಡೆಯ ಸಂದಿಯಿಂದ ಹೊರಗೆ ನುಗ್ಗುವುದೇ ಹರ್ನಿಯಾ, ಅದರದ್ದೇ ಅನುಮಾನ. ಅದನ್ನು ಹುಡುಕುವಾಗ ನಾನು ಮೊದಲು ಇನ್‌ಫೀರಿಯರ್ ಎಪಿಗ್ಯಾಸ್ಟ್ರಿಕ್ ರಕ್ತನಾಳವನ್ನು ಹಿಡಿಯುತ್ತೇನೆ. ಹೊಟ್ಟೆಯ ನೇರ ಸ್ನಾಯುವಿನ ಹಿಂದೆ ಅದು ಸಣ್ಣ ಚುಕ್ಕೆಯಂತೆ ಕಾಣುತ್ತದೆ. ಅದನ್ನು ಕೆಳಗೆ ಹಿಂಬಾಲಿಸಿದರೆ ತೊಡೆಗೆ ಇಳಿಯುವ ದೊಡ್ಡ ನಾಳಕ್ಕೆ ಸೇರುತ್ತದೆ. ಆ ಜಾಗದ ಹೊರಬದಿಯಲ್ಲೇ ಒಳಬಾಗಿಲು, ಅಂದರೆ ಬೀಜದ ನಾಳ ಹೊಟ್ಟೆಯಿಂದ ಹೊರಬರುವ ದಾರಿ. ರಕ್ತನಾಳದ ಹೊರಬದಿಯಿಂದ ನುಗ್ಗಿದರೆ ಇನ್‌ಡೈರೆಕ್ಟ್ ಹರ್ನಿಯಾ, ಒಳಬದಿಯಿಂದ ಉಬ್ಬಿದರೆ ಡೈರೆಕ್ಟ್.

ಕೆಮ್ಮಿ ಎಂದೆ. ಏನೋ ಸರಕ್ಕನೆ ಹಾದುಹೋಯಿತು, ಹಿಡಿಯಲಾಗಲಿಲ್ಲ. ಕೆಮ್ಮು ಅರೆಕ್ಷಣದ ಕೆಲಸ, ಅದರ ಜೊತೆ ಇಡೀ ಹೊಟ್ಟೆಯೂ ಅಲುಗುತ್ತದೆ. ಅದಕ್ಕೇ ಅಂಗೈ ಹಿಂಬದಿಯನ್ನು ಬಾಯಿಗೆ ಒತ್ತಿಕೊಂಡು, ಗಾಳಿ ಬಿಡದೆ ನಿಧಾನವಾಗಿ ಊದಿ ಎಂದು ಹೇಳಿಕೊಟ್ಟೆ. ನಾನೇ ಮೊದಲು ಮಾಡಿ ತೋರಿಸಿದೆ. ಎಂಟು-ಹತ್ತು ಸೆಕೆಂಡ್ ಹಾಗೆ ಹಿಡಿದರೆ ಸಾಕು.

ಮೈಮೇಲೆ ಇಟ್ಟು ನೋಡುವ ಪ್ರೋಬ್ ಅನ್ನು ಒತ್ತುವುದೇ ಇಲ್ಲಿ ದೊಡ್ಡ ತಪ್ಪು. ಆರಂಭದ ವರ್ಷಗಳಲ್ಲಿ ಚಿತ್ರ ಚೆನ್ನಾಗಿ ಬರಲೆಂದು ನಾನೂ ಒತ್ತುತ್ತಿದ್ದೆ. ಹಾಗೆ ಒತ್ತಿದರೆ ಹೊರಬರಬೇಕಾದ ಹರ್ನಿಯಾವನ್ನು ನಮ್ಮ ಕೈಯೇ ತಡೆದು ಹಿಡಿಯುತ್ತದೆ. ನಾನು 'ಏನೂ ಇಲ್ಲ' ಎಂದು ಬರೆದಿದ್ದ ಒಬ್ಬರಿಗೆ ಸರ್ಜನ್ ನಿಲ್ಲಿಸಿ ಕೈಯಿಂದಲೇ ಹರ್ನಿಯಾ ತೋರಿಸಿದ್ದರು. ಅಂದಿನಿಂದ ಜೆಲ್ ಜಾಸ್ತಿ ಹಾಕುತ್ತೇನೆ, ಪ್ರೋಬ್ ಬರೀ ತೇಲಿಸುತ್ತೇನೆ.

ಅವರು ಊದಿದರು. ರಕ್ತನಾಳದ ಹೊರಬದಿಯಿಂದ ನಾಲಿಗೆಯ ಹಾಗೆ ಏನೋ ಇಳಿಯಿತು. ಮುಂದೆ ಬಿಳಿ ಕೊಬ್ಬು, ಅದರ ಹಿಂದೆ ಕರುಳಿನ ಸುರುಳಿ. ಒಳಗಿನ ಗಾಳಿ ಮಿನುಗುತ್ತಿತ್ತು. ಹಾಗೇ ಹಿಡಿದು ಕಾದರೆ ಕರುಳು ತಾನಾಗಿ ಹಿಸುಕಿ ಬಿಡುವುದೂ ಕಂಡಿತು. ಉಸಿರು ಬಿಟ್ಟಾಗ ಸ್ವಲ್ಪ ಹಿಂದೆ ಸರಿಯಿತು, ಮಲಗಿಸಿದಾಗ ಪೂರ್ತಿ ಒಳಗೆ ಹೋಯಿತು. ಇನ್‌ಡೈರೆಕ್ಟ್ ಹರ್ನಿಯಾ. ಕೊಬ್ಬು ಮಾತ್ರ ಅಲುಗಿದ್ದರೆ ಇಷ್ಟು ಧೈರ್ಯವಾಗಿ ಬರೆಯುತ್ತಿರಲಿಲ್ಲ. ಬೀಜದ ನಾಳದ ಸುತ್ತ ಇರುವ ಕೊಬ್ಬೂ ಊದಿದಾಗ ಜಾರುತ್ತದೆ, ಅದು ಹೊಟ್ಟೆಯ ಒಳಗಿನಿಂದಲೇ ಬಂತಾ ಎಂದು ನೋಡಬೇಕು.

ನೀರಿನ ಭಯ ಉಳಿದಿತ್ತು ಅಲ್ವಾ, ಬೀಜದ ಚೀಲವನ್ನೂ ನೋಡಿದೆ. ಹೈಡ್ರೋಸೀಲ್ ಆದರೆ ಬೀಜದ ಸುತ್ತ ತುಂಬಿದ ನೀರು ಸ್ಕ್ಯಾನ್‌ನಲ್ಲಿ ಕಪ್ಪಗೆ ಕಾಣುತ್ತದೆ. ಊತದ ಮೇಲ್ತುದಿ ಚೀಲದಲ್ಲೇ ಮುಗಿಯುತ್ತದೆ, ಅದರ ಮೇಲೆ ಬೆರಳು ಕೂಡಿಸಬಹುದು. ಹರ್ನಿಯಾ ಚೀಲಕ್ಕೆ ಇಳಿದಿದ್ದರೆ ಅದರ ಮೇಲ್ತುದಿ ಸಿಗುವುದಿಲ್ಲ, ಹೊಟ್ಟೆಯವರೆಗೂ ದಾರಿ ಮುಂದುವರಿಯುತ್ತದೆ. ನೀರು ತುಂಬಿದ ಕರುಳೂ ಕಪ್ಪಗೇ ಕಾಣಬಹುದು, ಆಗ ಗೋಡೆಯ ಪದರ ಮತ್ತು ಚಲನೆ ನೋಡುತ್ತೇನೆ. ಇವರಿಗೆ ಬೀಜದ ಸುತ್ತ ಎಲ್ಲರಿಗೂ ಇರುವಷ್ಟೇ ತೆಳು ನೀರು ಇತ್ತು.

ರಿಪೋರ್ಟಿನಲ್ಲಿ ಹರ್ನಿಯಾ ಮೊದಲು ಬರೆದೆ, ಲಿಂಫ್ ಗಂಟು ಆಮೇಲೆ. ಮಗನನ್ನು ಕರೆದು ಸರ್ಜನ್ ಹತ್ತಿರ ಹೋಗಲು ಹೇಳಿದೆ. "ಕಾಲಿನ ಹುಣ್ಣಿಗೂ ಔಷಧಿ ಹಾಕಿಸಿ. ಈ ಉಬ್ಬು ಮಲಗಿದರೂ ಒಳಗೆ ಹೋಗದೆ ಗಟ್ಟಿಯಾಗಿ ನೋಯಲು ಶುರುವಾದರೆ, ವಾಂತಿಯಾದರೆ, ಬೆಳಗಾಗಲಿ ಎಂದು ಕಾಯಬೇಡಿ. ಒತ್ತಿ ಒಳಗೆ ತಳ್ಳಲೂ ಬೇಡಿ. ರಾತ್ರಿಯೇ ಆಸ್ಪತ್ರೆಗೆ ಕರೆತನ್ನಿ," ಎಂದೆ. ಅವರು ಚೀಲ ಹೊರುವುದರ ಬಗ್ಗೆ ಕೇಳಿದರು. ಆಪರೇಷನ್ ಆಗಿ ಸರ್ಜನ್ ಒಪ್ಪುವವರೆಗೆ ಬೇಡ ಎಂದೆ. ಮಗ ಭಟ್ಟಿಯ ಮಾಲೀಕರ ಹತ್ತಿರ ತಾನೇ ಮಾತಾಡುತ್ತೇನೆ ಎಂದು ರಿಪೋರ್ಟ್ ತೆಗೆದುಕೊಂಡ.