ಕ್ವಿಜ್‌ನ ಮೊತ್ತ 25ರ ಬದಲು 26 ಬರುತ್ತಿದ್ದದ್ದು ಸರಿಹೋದ ಬಗೆ

ಪಠ್ಯಕ್ರಮದಲ್ಲಿ ಐದು ಘಟಕಗಳಿಗೆ 22, 18, 18, 14, 8, ಒಟ್ಟು 80 ಅಂಕ. 25 ಅಂಕದ ಸ್ವಯಂಪರೀಕ್ಷೆಗೆ ಇದೇ ಅನುಪಾತದಲ್ಲಿ ಹಂಚಿ, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಬಂದಲ್ಲಿ ಮೇಲಕ್ಕೇರಿಸಿದರೆ 7, 6, 6, 4, 3 ಆಗಿ ಮೊತ್ತ 26 ಬರುತ್ತಿತ್ತು. ದೊಡ್ಡ ಘಟಕದಿಂದ ಒಂದು ಅಂಕ ಕಿತ್ತು ನೋಡಿದೆ, 6.875 ಸಿಗಬೇಕಾದ ಕಡೆ 6 ಮಾತ್ರ ಸಿಕ್ಕಿತು. ದಶಮಾಂಶ ಹಾಗೇ ಬಿಟ್ಟರೆ ಕೀ ಉತ್ತರದ ಹಂತಗಳಿಗೆ ಅಂಕ ಒಡೆಯಲು ಬರುವುದಿಲ್ಲ.

ಸರಿಹೋದದ್ದು ಹೀಗೆ: ಪ್ರತಿ ಘಟಕದ ಅಂಕವನ್ನು 25ರಿಂದ ಗುಣಿಸಿ 80ರಿಂದ ಭಾಗಿಸಿ. 6.875, 5.625, 5.625, 4.375, 2.5 ಬರುತ್ತದೆ. ಮೊದಲು ಪೂರ್ಣ ಭಾಗವನ್ನಷ್ಟೇ ಕೊಡಿ: 6, 5, 5, 4, 2, ಮೊತ್ತ 22. ಉಳಿದ 3 ಅಂಕವನ್ನು ದಶಮಾಂಶ ದೊಡ್ಡದಿರುವ ಮೂರು ಘಟಕಗಳಿಗೆ ಒಂದೊಂದು ಸೇರಿಸಿ. 7, 6, 6, 4, 2, ಮೊತ್ತ 25.

ಪ್ರಶ್ನೆ ಆರಿಸುವುದು ಇದಾದ ಮೇಲೆಯೇ. 3 ಅಂಕದ ಲೆಕ್ಕವಿದ್ದರೆ ಕೀಯಲ್ಲಿ ಸೂತ್ರಕ್ಕೆ 1, ಬೆಲೆ ಆದೇಶಿಸಿದ್ದಕ್ಕೆ 1, ಏಕಮಾನ ಸಹಿತ ಉತ್ತರಕ್ಕೆ 1 ಎಂದು ಮೊದಲೇ ಬರೆದಿಡಿ.