ಬೋರ್‌ವೆಲ್ ತಳದ ಬೇರಿಂಗ್‌ಗೆ ಹೆಸರು ಮಾಡಿದ ಕಥೆ

ಪೀಣ್ಯದಲ್ಲಿ ನಮ್ಮದು ಚಿಕ್ಕ ವರ್ಕ್‌ಶಾಪ್. ಸಬ್‌ಮರ್ಸಿಬಲ್ ಮೋಟರ್‌ಗೆ ಥ್ರಸ್ಟ್ ಬೇರಿಂಗ್ ಮಾಡುತ್ತೇವೆ, ಅಂದರೆ ತಿರುಗುವ ಶಾಫ್ಟಿನ ಭಾರ ತಳದಲ್ಲಿ ಹೊರುವ ಕಾರ್ಬನ್ ತಟ್ಟೆಯ ಸೆಟ್. "ಐನೂರು ಅಡಿ ಕೆಳಗೆ ಕೂರೋ ಸಾಮಾನಿಗೆ ಹೆಸರು ಯಾಕ್ರೀ? ರೇಟು ಇಳಿಸಿ" ಅಂತ ಪಂಪ್ ಕಂಪನಿಯವರೊಬ್ಬರು ನಕ್ಕಿದ್ದರು.

ಮೊದಲ ವರ್ಷ ನಾನೂ ದಡ್ಡತನವನ್ನೇ ಮಾಡಿದೆ. ತುಮಕೂರು, ಶಿರಾ ಕಡೆ ಗೋಡೆಗೆ ಬರೆಸಿದೆ, ಕ್ಯಾಲೆಂಡರ್ ಹಂಚಿದೆ. ಎಂಬತ್ತು ಸಾವಿರದಷ್ಟು ಹೋಯಿತು. ಒಬ್ಬ ರೈತನೂ ನಮ್ಮ ಹೆಸರು ಹೇಳಲಿಲ್ಲ. ಕಾರ್ಬನ್‌ಗೆ ಹಸಿರು ಬಣ್ಣ ಬಳಿದೂ ನೋಡಿದೆ. ಬಣ್ಣ ಎದ್ದು ಮೋಟರ್ ಒಳಗಿನ ನೀರಿಗೆ ಸೇರಿತು. ಅದರ ಬೈಗುಳ ಬೇರೆ!

ಕಂಪ್ಯೂಟರ್ ಚಿಪ್ ಮಾಡುವ ಇಂಟೆಲ್ ಕಂಪನಿ 1991ರಲ್ಲಿ ಶುರು ಮಾಡಿದ 'ಇಂಟೆಲ್ ಇನ್‌ಸೈಡ್' ಪ್ರಚಾರ ನೆನಪಾಯಿತು. ಅವರು ಕಂಪ್ಯೂಟರ್ ಕಂಪನಿಗಳ ಜಾಹೀರಾತು ಖರ್ಚಲ್ಲಿ ಪಾಲು ಕೊಟ್ಟರು. ಅಷ್ಟು ದುಡ್ಡು ನಮ್ಮಲ್ಲೆಲ್ಲಿ? ಆದರೆ ಚಿಪ್ ಒಳಗಿದ್ದರೂ ಸ್ಟಿಕರ್ ಹೊರಗಿತ್ತು, ಅಲ್ವಾ? ನಮ್ಮ ರೈತ ದಿನಾ ನೋಡುವುದು ಸ್ಟಾರ್ಟರ್ ಬಾಕ್ಸನ್ನು. ಅದಕ್ಕೇ ಪ್ರತಿ ಸೆಟ್ ಜೊತೆ ಒಂದು ಹಸಿರು ತಗಡಿನ ಬಿಲ್ಲೆ ಇಟ್ಟೆ. ಮೋಟರ್ ಇಳಿಸಿದ ತಾರೀಖು ಕೊರೆದು ಬಾಕ್ಸ್‌ಗೆ ನೇತು ಹಾಕಬೇಕು.

ಬೇರಿಂಗ್ ಆರಿಸುವವನು ಮೋಟರ್ ರಿಪೇರಿ ಮಾಡುವ ರಿವೈಂಡಿಂಗ್ ಅಂಗಡಿಯವನು. ಬಿಲ್ಲೆ ಕಟ್ಟಿ, ಸವೆದ ಹಳೆ ಕಾರ್ಬನ್ನನ್ನು ರೈತನ ಕೈಗೆ ಕೊಟ್ಟರೆ ಸೆಟ್‌ಗೆ ಮೂವತ್ತು ರೂಪಾಯಿ ಅವನಿಗೆ. ಹಳೇದನ್ನು ಕೈಯಲ್ಲಿ ಹಿಡಿದಾಗಲೇ ರೈತನಿಗೆ ಇಂಥದ್ದೊಂದು ಸಾಮಾನು ಒಳಗಿದೆ ಅಂತ ಗೊತ್ತಾಗೋದು. ನಿಜವಾಗಿ ಕೆಲಸ ಮಾಡಿದ್ದು ಇದೇ.

ಆಮೇಲೆ ಗ್ಯಾರಂಟಿ ಕೊಟ್ಟು ಕೈ ಸುಟ್ಟುಕೊಂಡೆ. ಮೊದಲ ಬೇಸಿಗೆಯಲ್ಲೇ ನಲವತ್ತು ಸೆಟ್ ವಾಪಸ್ ಬಂದವು. ಹೆಚ್ಚಿನವು ಬೋರ್ ಬತ್ತಿದ ಮೇಲೂ ಓಡಿದ ಮೋಟರಿನವು. ಅಂಥ ಕಾರ್ಬನ್ ಸುಟ್ಟು ಬಿರುಕು ಬಿಟ್ಟಿರುತ್ತದೆ. ಮರಳು ತಿಂದಿದ್ದರೆ ಸುತ್ತಲೂ ಗೆರೆ ಬಿದ್ದಿರುತ್ತದೆ. ಎರಡೂ ನಮ್ಮ ತಪ್ಪಲ್ಲ. ಆದರೂ ವಾದ ಮಾಡದೆ ಹೊಸದು ಕೊಟ್ಟೆ. ಬೇರಿಂಗ್ ಬೆಲೆ ಏನೂ ದೊಡ್ಡದಲ್ಲ, ಮೋಟರ್ ಎತ್ತಿಸಲು ರೈತ ಕೊಡುವ ಐದಾರು ಸಾವಿರವೇ ದೊಡ್ಡದು. ಜೊತೆಗೆ ನೀರು ಬತ್ತಿದಾಗ ಮೋಟರ್ ನಿಲ್ಲಿಸುವ ಡ್ರೈ ರನ್ ರಿಲೇ ಹಾಕಿಸಿ ಅಂತ ಹೇಳಿ ಕಳಿಸಿದೆ. ಮುಂದಿನ ಬೇಸಿಗೆ ವಾಪಸ್ ಬಂದದ್ದು ಹತ್ತೋ ಹನ್ನೆರಡೋ.

ಮೂರನೇ ವರ್ಷ ನಕಲಿ ಬಿಲ್ಲೆ ಬಂತು. ಕೋಪಕ್ಕಿಂತ ಖುಷಿಯೇ ಜಾಸ್ತಿ ಆಯಿತು ನನಗೆ! ಈಗ ಕಾರ್ಬನ್ ಮೇಲೇ ಒಂದು ಗುರುತಿದೆ. ಎಲ್ಲಿ, ಹೇಗೆ ಅಂತ ಇಲ್ಲಿ ಹೇಳಲ್ಲ.

ಹೋದ ತಿಂಗಳು ಶಿರಾದ ಅಂಗಡಿಯೊಂದರಲ್ಲಿ ಸುಮ್ನೆ ಕೂತಿದ್ದೆ. ತೆಂಗಿನ ತೋಟದವರೊಬ್ಬರು ಬಂದು, "ಹಸಿರು ಬಿಲ್ಲೇದೇ ಹಾಕಪ್ಪ, ನೂರು ರೂಪಾಯಿ ಜಾಸ್ತಿ ಆದ್ರೂ ಪರವಾಗಿಲ್ಲ" ಅಂದರು. ನಮ್ಮ ಹೆಸರು ಅವರಿಗೆ ಗೊತ್ತಿಲ್ಲ, ಬಿಲ್ಲೆ ಗೊತ್ತು. ಅಂದು ನಕ್ಕ ಕಂಪನಿ ಈಗ ಹೊಸ ಮೋಟರ್ ಜೊತೆಗೂ ಬಿಲ್ಲೆ ಕೇಳುತ್ತಿದೆ. ರೇಟು ಮಾತ್ರ ನಾನು ಇಳಿಸಿಲ್ಲ.